ಜಾಹೀರಾತಿನ ಕೊನೆಯ ಆರು ಸೆಕೆಂಡು: ಹೆಸರು, ಅಡಿಬರಹ, ವಿಳಾಸ ನೋಡುಗರಿಗೆ ದಕ್ಕುವುದು ಹೇಗೆ?

ಜಾಹೀರಾತು ಮಾಡಿಸುವುದು ಈಗ ದೊಡ್ಡ ಕಂಪನಿಗಳ ಕೆಲಸವಾಗಿಯೇ ಉಳಿದಿಲ್ಲ. ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್, ಗಾಣದ ಎಣ್ಣೆ ಮಾರುವವರು, ಊರಿನ ಹಲ್ಲಿನ ಡಾಕ್ಟರು, ಎಲ್ಲರೂ ಹದಿನೈದು ಇಪ್ಪತ್ತು ಸೆಕೆಂಡಿನ ವಿಡಿಯೊ ಮಾಡಿಸಿ ಸ್ಥಳೀಯ ಕೇಬಲ್‌ಗೆ, ಚಿತ್ರಮಂದಿರದ ಮಧ್ಯಂತರಕ್ಕೆ, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಕೊಡುತ್ತಿದ್ದಾರೆ. ಚಿತ್ರೀಕರಣ ಚೆನ್ನಾಗಿರುತ್ತದೆ, ಸಂಗೀತವೂ ಹಿತವಾಗಿರುತ್ತದೆ. ಆದರೆ ನೋಡಿದವರನ್ನು ಆಮೇಲೆ ಕೇಳಿದರೆ, "ಆ ಅಜ್ಜಿ ಒಗ್ಗರಣೆ ಹಾಕುತ್ತಾರಲ್ಲ, ಅದೇ ಜಾಹೀರಾತು" ಎನ್ನುತ್ತಾರೆ. ಯಾವ ಅಂಗಡಿಯದು, ಎಲ್ಲಿದೆ ಎಂದರೆ ಉತ್ತರವಿರುವುದಿಲ್ಲ.

ಇದಕ್ಕೆ ಕಾರಣ ಬಹಳಷ್ಟು ಸಲ ಕೊನೆಯ ಎರಡು ಮೂರು ಸೆಕೆಂಡುಗಳಲ್ಲಿ ಇರುತ್ತದೆ. ಅಲ್ಲಿ ಏನು ನಡೆಯುತ್ತದೆ, ಅದನ್ನು ಹೇಗೆ ಅಳೆಯಬಹುದು ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

## ಮೊದಲು ಎರಡು ಮಾತು: ಫ್ರೇಮ್ ಮತ್ತು ಎಂಡ್ ಫ್ರೇಮ್

ವಿಡಿಯೊ ಎಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಆ ಒಂದೊಂದು ಚಿತ್ರವೇ ಫ್ರೇಮ್. ಭಾರತದ ಟಿವಿಯಲ್ಲಿ ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕ. 20 ಸೆಕೆಂಡಿನ ಜಾಹೀರಾತಿನಲ್ಲಿ 500 ಫ್ರೇಮ್‌ಗಳಿರುತ್ತವೆ. ಮೊಬೈಲಿನಲ್ಲಿ ಚಿತ್ರೀಕರಿಸಿದ್ದು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ಇರುತ್ತದೆ. ಈ ಲೇಖನದಲ್ಲಿ ಟಿವಿಯ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ.

ಕಥೆ ಮುಗಿದ ಮೇಲೆ ಲೋಗೋ, ಅದರ ಕೆಳಗೊಂದು ಅಡಿಬರಹ, ಫೋನ್ ಸಂಖ್ಯೆ, ವಿಳಾಸ ಕಾಣಿಸುವ ಭಾಗವನ್ನು ಎಡಿಟಿಂಗ್ ಕೋಣೆಯಲ್ಲಿ ಎಂಡ್ ಫ್ರೇಮ್ ಎನ್ನುತ್ತಾರೆ. ಹೆಸರಿನಲ್ಲಿ ಒಂದೇ ಫ್ರೇಮ್ ಎಂದಿದ್ದರೂ ಅದು ಐವತ್ತೋ ನೂರೈವತ್ತೋ ಫ್ರೇಮ್‌ಗಳ ಒಂದು ತುಣುಕು. ಅದು ಎಷ್ಟು ಉದ್ದವಿರಬೇಕು ಎಂಬುದನ್ನು ಹೆಚ್ಚಿನ ಕಡೆ ಯಾರೂ ಮೊದಲೇ ತೀರ್ಮಾನಿಸಿರುವುದಿಲ್ಲ. ಕಥೆ ಎಡಿಟ್ ಆದ ಮೇಲೆ ಎಷ್ಟು ಉಳಿಯಿತೋ ಅಷ್ಟು ಅದಕ್ಕೆ. ತೊಂದರೆ ಶುರುವಾಗುವುದು ಇಲ್ಲಿಯೇ.

## ತೆರೆಯ ಮೇಲಿರುವ ಸಮಯ ಬೇರೆ, ಓದಲು ಸಿಗುವ ಸಮಯ ಬೇರೆ

ದೂರದಿಂದ ಬರುವ ಬಸ್ಸಿನ ಹಣೆಯ ಮೇಲೆ ಊರಿನ ಬೋರ್ಡು ಇಡೀ ಪ್ರಯಾಣದುದ್ದಕ್ಕೂ ಇರುತ್ತದೆ. ಆದರೆ ನಿಲ್ದಾಣದಲ್ಲಿ ನಿಂತವರಿಗೆ ಅದು ಓದಲು ಸಿಗುವುದು ಬಸ್ಸು ಹತ್ತಿರ ಬಂದು, ನಮ್ಮ ಕಣ್ಣು ಬೋರ್ಡಿನ ಮೇಲೆ ಬಿದ್ದು, ಬಸ್ಸು ದಾಟಿಹೋಗುವವರೆಗಿನ ಅಲ್ಪ ಸಮಯ ಮಾತ್ರ. ಎಂಡ್ ಫ್ರೇಮ್‌ನದೂ ಹಾಗೆಯೇ. ಟೈಮ್‌ಲೈನಿನಲ್ಲಿ ಅದು ಎರಡೂವರೆ ಸೆಕೆಂಡು ಎಂದು ಕಂಡರೂ ನೋಡುಗರಿಗೆ ದಕ್ಕುವುದು ಅಷ್ಟಲ್ಲ.

ದಾವಣಗೆರೆಯ ಒಂದು ಮರದ ಗಾಣದ ಎಣ್ಣೆ ಅಂಗಡಿಗೆ 20 ಸೆಕೆಂಡಿನ ಜಾಹೀರಾತು ಮಾಡಬೇಕಿದೆ ಎಂದುಕೊಳ್ಳಿ. ಮೊದಲ ಎಡಿಟ್‌ನಲ್ಲಿ ಹದಿನೇಳೂವರೆ ಸೆಕೆಂಡು ಕಥೆಗೇ ಹೋಗಿದೆ. ಉಳಿದ ಎರಡೂವರೆ ಸೆಕೆಂಡಿನಲ್ಲಿ ಲೋಗೋ ಮೂಲೆಯಿಂದ ತಿರುಗುತ್ತಾ ಬಂದು ಮಧ್ಯದಲ್ಲಿ ನಿಲ್ಲುತ್ತದೆ. ಅದರೊಂದಿಗೆ ಅಡಿಬರಹ, ಎರಡು ಮೊಬೈಲ್ ಸಂಖ್ಯೆ, ಪೂರ್ಣ ವಿಳಾಸ, ವೆಬ್‌ಸೈಟ್, ಇಮೇಲ್ ಎಲ್ಲ ಒಟ್ಟಿಗೆ ಮೂಡುತ್ತವೆ. ಕೊನೆಗೆ ಚಿತ್ರ ನಿಧಾನವಾಗಿ ಕಪ್ಪಾಗುತ್ತದೆ.

ಈಗ ಕಳೆಯುತ್ತಾ ಬನ್ನಿ. ಲೋಗೋ ತಿರುಗಿ ನಿಲ್ಲಲು ಒಂದು ಸೆಕೆಂಡು, ಅಂದರೆ 25 ಫ್ರೇಮ್. ಚಲಿಸುವುದನ್ನು ಕಣ್ಣು ಹಿಂಬಾಲಿಸುತ್ತದೆಯೇ ಹೊರತು ಪಕ್ಕದ ಅಕ್ಷರಗಳನ್ನು ಓದುವುದಿಲ್ಲ. ಕೊನೆಯ ಅರ್ಧ ಸೆಕೆಂಡನ್ನು ಕಪ್ಪಾಗುವ ಫೇಡ್ ತೆಗೆದುಕೊಂಡಿತು. ಉಳಿದದ್ದು ಒಂದೇ ಸೆಕೆಂಡು.

ಆ ಒಂದು ಸೆಕೆಂಡಿನಲ್ಲಿ ಕಣ್ಣು ಏನು ಮಾಡಬಲ್ಲದು? ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ಸರಾಗವಾಗಿ ಹರಿಯುವುದಿಲ್ಲ. ಒಂದು ಕಡೆ ಸುಮಾರು ಕಾಲು ಸೆಕೆಂಡು ನಿಂತು, ಅಲ್ಲಿಂದ ಜಿಗಿದು ಇನ್ನೊಂದು ಕಡೆ ನಿಲ್ಲುತ್ತದೆ. ನಿಂತಾಗ ಮಾತ್ರ ಅಕ್ಷರ ಒಳಗೆ ಹೋಗುತ್ತದೆ, ಜಿಗಿಯುವಾಗ ಏನೂ ಕಾಣುವುದಿಲ್ಲ. ಹಾಗಾಗಿ ಒಂದು ಸೆಕೆಂಡಿಗೆ ಹೆಚ್ಚೆಂದರೆ ನಾಲ್ಕು ನಿಲುಗಡೆ. ನಮ್ಮ ತೆರೆಯ ಮೇಲೆ ಏಳು ಸಂಗತಿಗಳಿವೆ, ಅವುಗಳಲ್ಲಿ ಕೆಲವಕ್ಕೆ ಒಂದೊಂದಕ್ಕೇ ನಾಲ್ಕೈದು ನಿಲುಗಡೆ ಬೇಕು. ಯಾವುದನ್ನು ಬಿಟ್ಟು ಯಾವುದನ್ನು ಓದಬೇಕೆಂದು ತೀರ್ಮಾನಿಸುವಷ್ಟರಲ್ಲಿ ಮುಂದಿನ ಜಾಹೀರಾತು ಬಂದಿರುತ್ತದೆ.

ಇನ್ನೂ ಒಂದು ಕಡಿತವಿದೆ, ಅದು ಟೈಮ್‌ಲೈನಿನಲ್ಲಿ ಕಾಣುವುದೇ ಇಲ್ಲ. ಗಮನ ಸೆಳೆದ ಒಂದು ಸಂಗತಿ ಕಣ್ಣಿಗೆ ಬಿದ್ದ ಮೇಲೆ ಸುಮಾರು ಅರ್ಧ ಸೆಕೆಂಡಿನೊಳಗೆ ಬಂದ ಮತ್ತೊಂದನ್ನು ಮನಸ್ಸು ಸುಲಭವಾಗಿ ಕೈಬಿಡುತ್ತದೆ. ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಪ್ರಯೋಗಗಳಲ್ಲಿ ಇದನ್ನು ತೋರಿಸುತ್ತಾ ಬಂದಿದ್ದಾರೆ. ಮನಸ್ಸು ಮಿಟುಕಿಸಿದಂತೆ ಎನ್ನಬಹುದು. ಜಾಹೀರಾತಿನ ಕಥೆಯ ಅತ್ಯಂತ ಚೆಂದದ ಗಳಿಗೆ, ನಗು ಬರಿಸುವ ಮಾತು ಅಥವಾ ಮೊಮ್ಮಗಳು ಅಜ್ಜಿಯನ್ನು ತಬ್ಬಿಕೊಳ್ಳುವ ದೃಶ್ಯ, ಬಹುತೇಕ ಎಂಡ್ ಫ್ರೇಮ್‌ನ ಹಿಂದಿನ ಕ್ಷಣದಲ್ಲೇ ಇರುತ್ತದೆ. ನೋಡುಗರು ಇನ್ನೂ ಅದರಲ್ಲೇ ಇರುವಾಗ ಲೋಗೋ ಬಂದು ಹೋಗುತ್ತದೆ. ಕಥೆ ಚೆನ್ನಾಗಿದ್ದಷ್ಟೂ ಈ ನಷ್ಟ ಹೆಚ್ಚು. ಆದ್ದರಿಂದ ಎಂಡ್ ಫ್ರೇಮ್‌ನ ಮೊದಲ ಅರ್ಧ ಸೆಕೆಂಡನ್ನು ಯಾವುದೇ ಮಾತಿಗೆ, ಓದಿಗೆ ಲೆಕ್ಕ ಹಿಡಿಯಬಾರದು. ಅದು ನೋಡುಗರು ಕಥೆಯಿಂದ ಹೊರಬರಲು ಬೇಕಾದ ಬಿಡುವು.

## ಎಷ್ಟು ಹೊತ್ತು ಬೇಕೆಂದು ಅಳೆಯುವುದು ಹೇಗೆ?

ತೆರೆಯ ಮೇಲಿನ ಬರಹಕ್ಕೆ ಎಡಿಟರ್‌ಗಳು ಬಳಸುವ ಹಳೆಯ ಅಳತೆಯೊಂದಿದೆ: ಬರಹ ಸ್ಥಿರವಾಗಿ ನಿಂತ ಮೇಲೆ ಅದನ್ನು ಬಾಯಿಬಿಟ್ಟು, ಆತುರವಿಲ್ಲದೆ, ಎರಡು ಸಲ ಓದುವಷ್ಟು ಹೊತ್ತು ಇರಬೇಕು. ಮೊದಲ ಓದು ಅಲ್ಲಿ ಏನೋ ಇದೆ ಎಂದು ಗುರುತಿಸಲು, ಎರಡನೆಯದು ಅದನ್ನು ಹಿಡಿದಿಟ್ಟುಕೊಳ್ಳಲು.

ಈ ಅಳತೆ ಕನ್ನಡಕ್ಕೆ ವಿಶೇಷವಾಗಿ ಒಪ್ಪುತ್ತದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಸೆಕೆಂಡಿಗೆ ಇಷ್ಟು ಪದ ಎಂಬ ಲೆಕ್ಕವಿರುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳೂ ಸಂಧಿಯೂ ಪದಕ್ಕೇ ಅಂಟಿಕೊಳ್ಳುವುದರಿಂದ ನಮ್ಮ ಒಂದು ಪದ ಅವರ ಮೂರು ಪದಗಳಷ್ಟಿರಬಹುದು. ಪದಗಳನ್ನು ಎಣಿಸಿದರೆ ಮೋಸಹೋಗುತ್ತೇವೆ. ಅಕ್ಷರಗಳನ್ನು ಎಣಿಸುವುದು ಲೇಸು. ನಿಧಾನವಾಗಿ ಓದಿದರೆ ಸೆಕೆಂಡಿಗೆ ಐದು ಅಕ್ಷರ ಎಂದಿಟ್ಟುಕೊಂಡರೆ ಲೆಕ್ಕ ಕೈಗೆ ಹತ್ತುತ್ತದೆ.

ನಮ್ಮ ಗಾಣದ ಅಂಗಡಿಯ ಅಡಿಬರಹ "ಮರದ ಗಾಣ, ಕಣ್ಣೆದುರೇ ಎಣ್ಣೆ" ಎಂದಿರಲಿ. ಒತ್ತಕ್ಷರಗಳನ್ನು ಒಂದೊಂದೇ ಎಂದು ಹಿಡಿದರೆ 11 ಅಕ್ಷರ. ಒಂದು ಓದಿಗೆ 2.2 ಸೆಕೆಂಡು, ಎರಡು ಓದಿಗೆ 4.4 ಸೆಕೆಂಡು. ಮೊದಲ ಎಡಿಟ್‌ನಲ್ಲಿ ಇಡೀ ಎಂಡ್ ಫ್ರೇಮ್‌ಗೆ ಇದ್ದದ್ದೇ ಎರಡೂವರೆ ಸೆಕೆಂಡು ಎಂಬುದನ್ನು ನೆನಪಿಸಿಕೊಳ್ಳಿ.

ಇಂಥದ್ದೊಂದು ಅಳತೆಯನ್ನು ನಿಯಮವಾಗಿಯೇ ಬರೆದಿಟ್ಟ ಉದಾಹರಣೆ ನಮ್ಮ ದೇಶದಲ್ಲಿದೆ. ಮ್ಯೂಚುವಲ್ ಫಂಡ್ ಜಾಹೀರಾತುಗಳ ಕೊನೆಯಲ್ಲಿ ಬರುವ ಮಾರುಕಟ್ಟೆ ಅಪಾಯದ ಎಚ್ಚರಿಕೆ ಎಲ್ಲರಿಗೂ ಗೊತ್ತು. ಉಸಿರು ಬಿಡದೆ ಅದನ್ನು ಉದುರಿಸುತ್ತಿದ್ದ ಕಾಲವೊಂದಿತ್ತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದಕ್ಕೊಂದು ಮಿತಿ ಹಾಕಿತು. 14 ಪದಗಳ ಆ ಇಂಗ್ಲಿಷ್ ಎಚ್ಚರಿಕೆ ತೆರೆಯ ಮೇಲೂ ದನಿಯಲ್ಲೂ ಕನಿಷ್ಠ 5 ಸೆಕೆಂಡು ಇದ್ದರೆ ಅದನ್ನು ಸ್ಪಷ್ಟವೆಂದು ಪರಿಗಣಿಸಬಹುದು ಎಂದು ನಿಯಮದಲ್ಲೇ ಉದಾಹರಣೆ ಕೊಟ್ಟಿದೆ. ಅಂದರೆ ಸೆಕೆಂಡಿಗೆ ಮೂರು ಪದಕ್ಕಿಂತ ಕಡಿಮೆ. ಅದೂ ಜನ ನೂರಾರು ಸಲ ಕೇಳಿರುವ ಮಾತಿಗೆ. ಹೊಸ ಅಂಗಡಿಯ ಹೆಸರಿಗೆ ಇದಕ್ಕಿಂತ ಹೆಚ್ಚು ಸಾವಧಾನ ಬೇಕೇ ಹೊರತು ಕಡಿಮೆ ಅಲ್ಲ.

## ಹತ್ತು ಅಂಕಿಗಳ ತೊಡಕು

ಎಂಡ್ ಫ್ರೇಮ್‌ನಲ್ಲಿ ಅತಿ ಹೆಚ್ಚು ಸಮಯ ನುಂಗುವುದು ಮೊಬೈಲ್ ಸಂಖ್ಯೆ. ಅದು ಯಾಕೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಸ್ಪಷ್ಟ ಕಾರಣವಿದೆ.

ಕೇಳಿದ್ದನ್ನೋ ಓದಿದ್ದನ್ನೋ ತಕ್ಷಣಕ್ಕೆ ಹಿಡಿದಿಡಲು ನಾವು ಅದನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಳ್ಳುತ್ತೇವೆ. ಬ್ರಿಟಿಷ್ ಮನಶ್ಶಾಸ್ತ್ರಜ್ಞ ಅಲನ್ ಬ್ಯಾಡ್ಲಿ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದಂತೆ, ಹೀಗೆ ಹಿಡಿದಿಡಲು ಸಾಧ್ಯವಾಗುವುದು ಸುಮಾರು ಎರಡು ಸೆಕೆಂಡಿನಲ್ಲಿ ಹೇಳಿ ಮುಗಿಸಬಹುದಾದಷ್ಟು ಮಾತ್ರ. ಹತ್ತು ಅಂಕಿಗಳನ್ನು ಸಾವಧಾನವಾಗಿ ಹೇಳಲು ನಾಲ್ಕು ಸೆಕೆಂಡಾದರೂ ಬೇಕು. ಕೊನೆಯ ಅಂಕಿಗೆ ಬರುವಷ್ಟರಲ್ಲಿ ಮೊದಲಿನವು ಜಾರಿಹೋಗಿರುತ್ತವೆ. ಕನ್ನಡದ ಅಂಕಿಗಳಿಗೆ ಎರಡು ಮೂರು ಅಕ್ಷರ ಹಿಡಿಯುತ್ತವೆ: ಒಂದು, ಐದು, ಒಂಬತ್ತು. ಕನ್ನಡದಲ್ಲೇ ಮಾತಾಡುತ್ತಿದ್ದವರೂ ಫೋನ್ ಸಂಖ್ಯೆ ಬಂದಾಗ ನೈನ್, ಏಯ್ಟ್ ಎಂದು ಇಂಗ್ಲಿಷಿಗೆ ಹೊರಳುವುದನ್ನು ದಿನವೂ ಕೇಳುತ್ತೇವೆ. ದನಿಯಲ್ಲಿ ಸಂಖ್ಯೆ ಹೇಳಿಸುವುದಾದರೆ ಊರಿನ ಜನ ಹೇಗೆ ಹೇಳುತ್ತಾರೋ ಹಾಗೆಯೇ ಹೇಳಿಸುವುದು ಒಳ್ಳೆಯದು.

ಹಾಗಾದರೆ ಒಂದು ಸಲ ನೋಡಿ ಯಾರೂ ಹತ್ತು ಅಂಕಿ ನೆನಪಿಡುವುದಿಲ್ಲ ಎಂದಾಯಿತು. ಸಂಖ್ಯೆಯನ್ನು ತೋರಿಸುವ ಉದ್ದೇಶ ನೆನಪಲ್ಲ, ಬರೆದುಕೊಳ್ಳುವುದು ಅಥವಾ ಫೋಟೊ ತೆಗೆದುಕೊಳ್ಳುವುದು. ಅದಕ್ಕೆ ಫೋನ್ ಕೈಗೆತ್ತಿಕೊಳ್ಳುವ ಸಮಯವೂ ಸೇರಬೇಕು. ಕೊನೆಯ ಎರಡು ಸೆಕೆಂಡಿನಲ್ಲಿ ಅದು ಆಗುವ ಮಾತಲ್ಲ. ಸಂಖ್ಯೆಯೇ ಮುಖ್ಯವಾದ ವ್ಯಾಪಾರವಿದೆ, ಆ್ಯಂಬುಲೆನ್ಸ್ ಸೇವೆ, ಕೊಳವೆಬಾವಿ ರಿಪೇರಿ, ಮನೆಗೆ ಗ್ಯಾಸ್ ಒಲೆ ದುರಸ್ತಿಗೆ ಬರುವವರು. ಅಂಥವರು ಸಂಖ್ಯೆಯನ್ನು ಐದು ಐದು ಅಂಕಿಗಳಾಗಿ ಒಡೆದು, ಜಾಹೀರಾತಿನ ಆರಂಭದಿಂದಲೇ ತೆರೆಯ ಕೆಳಗೆ ಪಟ್ಟಿಯಾಗಿ ಇಟ್ಟು, ಕೊನೆಯಲ್ಲಿ ಅದನ್ನೇ ದೊಡ್ಡದು ಮಾಡಿ ದನಿಯಲ್ಲಿ ಹೇಳಿಸಬೇಕು. ಆಗ ಅಡಿಬರಹಕ್ಕೆ ಜಾಗವಿರುವುದಿಲ್ಲ. ಇಪ್ಪತ್ತು ಸೆಕೆಂಡಿನಲ್ಲಿ ಎರಡೂ ಬೇಕೆಂದರೆ ಎರಡೂ ಕೈತಪ್ಪುತ್ತವೆ.

ಗಾಣದ ಅಂಗಡಿಯ ಪರಿಸ್ಥಿತಿ ಬೇರೆ. ಸ್ಥಳೀಯ ಕೇಬಲ್ ನೋಡುವವರೆಲ್ಲ ಅದೇ ಊರಿನವರು. ಅವರಿಗೆ "ಬಸ್ ನಿಲ್ದಾಣದ ಎದುರು" ಎಂದರೆ ಸಾಕು. ಮಾತಿನಲ್ಲಿ ಎಂಟೇ ಅಕ್ಷರ, ಸುಮಾರು 1.6 ಸೆಕೆಂಡು. ಅವರ ಕಣ್ಣೆದುರು ಆ ಜಾಗ ಆಗಲೇ ಇರುವುದರಿಂದ ಹೊಸದಾಗಿ ಕಲಿಯಬೇಕಾದದ್ದು ಏನೂ ಇಲ್ಲ. ವೆಬ್‌ಸೈಟು, ಇಮೇಲು ಈ ಜಾಹೀರಾತಿಗೆ ಬೇಡ. ಅಂಗಡಿಯವರು "ಇರಲಿ, ಜಾಗ ಇದೆಯಲ್ಲ" ಎನ್ನಬಹುದು. ತೆರೆಯಲ್ಲಿ ಜಾಗವಿದೆ, ಸಮಯವಿಲ್ಲ.

## ಇಪ್ಪತ್ತು ಸೆಕೆಂಡನ್ನು ಮತ್ತೆ ಕಟ್ಟುವುದು

ಈಗ ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕೋಣ. ಅನುಭವಿ ಎಡಿಟರ್‌ಗಳು ಎಂಡ್ ಫ್ರೇಮ್‌ಗೆ ಬೇಕಾದ ಸಮಯವನ್ನು ಮೊದಲು ತೆಗೆದಿಟ್ಟು, ಉಳಿದದ್ದನ್ನು ಕಥೆಗೆ ಕೊಡುತ್ತಾರೆ. ನಮ್ಮ ಜಾಹೀರಾತಿಗೆ 6 ಸೆಕೆಂಡು, ಅಂದರೆ 150 ಫ್ರೇಮ್ ಬೇಕಾಗುತ್ತದೆ. ಕಥೆ 14ನೆಯ ಸೆಕೆಂಡಿಗೆ ಮುಗಿಯಬೇಕು.

14ನೆಯ ಸೆಕೆಂಡಿಗೆ ನೇರ ಕಟ್. ಹಿನ್ನೆಲೆ ಒಂದೇ ಬಣ್ಣದ್ದು, ಅದರ ಮೇಲೆ ಲೋಗೋ ಮಾತ್ರ. ತಿರುಗುವುದು, ಹಾರುವುದು ಯಾವುದೂ ಬೇಡ. ಚಲನೆ ಬೇಕೇ ಬೇಕೆಂದಿದ್ದರೆ ಎಂಟು ಹತ್ತು ಫ್ರೇಮ್‌ಗಳಲ್ಲಿ ಮುಗಿಯಲಿ. ಮೊದಲ ಅರ್ಧ ಸೆಕೆಂಡು ದನಿ ಮೌನ, ಸಂಗೀತವೂ ತಗ್ಗಿರುತ್ತದೆ. ಆಮೇಲೆ ಅಂಗಡಿಯ ಹೆಸರು ಕೇಳಿಸುತ್ತದೆ.

15.5ಕ್ಕೆ ಅಡಿಬರಹ ಲೋಗೋದ ಕೆಳಗೆ ಮೂಡುತ್ತದೆ. ಅದೇ ಕ್ಷಣದಲ್ಲಿ ದನಿಯೂ ಅದೇ ಮಾತುಗಳನ್ನು ಹೇಳುತ್ತದೆ. ಇದು ಬಹಳ ಮುಖ್ಯ. ಓದುವಾಗ ನಾವು ಒಳಗೇ ಹೇಳಿಕೊಳ್ಳುತ್ತೇವೆ ಎಂದೆನಲ್ಲ. ತೆರೆಯ ಮೇಲೆ ಅಡಿಬರಹ ಇದ್ದು ದನಿ "ಈಗಲೇ ಭೇಟಿ ಕೊಡಿ, ರಿಯಾಯಿತಿ ಕೆಲವೇ ದಿನ" ಎಂದು ಬೇರೆಯದನ್ನು ಹೇಳುತ್ತಿದ್ದರೆ ಒಳದನಿಗೂ ಹೊರದನಿಗೂ ಜಗಳವಾಗಿ ಎರಡೂ ಅರ್ಧಂಬರ್ಧವಾಗುತ್ತವೆ. ಒಂದೇ ಮಾತಾದರೆ ಕಣ್ಣು ತಪ್ಪಿಸಿದ್ದನ್ನು ಕಿವಿ ಹಿಡಿಯುತ್ತದೆ.

17.75ಕ್ಕೆ "ಬಸ್ ನಿಲ್ದಾಣದ ಎದುರು" ಬರುತ್ತದೆ, ದನಿಯೂ ಅದನ್ನೇ ಹೇಳಿ 19.5ರೊಳಗೆ ಮುಗಿಸುತ್ತದೆ. ಕೊನೆಯ ಅರ್ಧ ಸೆಕೆಂಡು ಮಾತಿಲ್ಲ. ಲೋಗೋ, ಅಡಿಬರಹ, ಜಾಗ ಮೂರೂ ಕದಲದೆ ನಿಂತಿರುತ್ತವೆ. ಫೇಡ್ ಇಲ್ಲ, ಕೊನೆಯ ಫ್ರೇಮ್‌ವರೆಗೂ ಪೂರ್ಣ ಬೆಳಕು.

ಇಲ್ಲಿ ಯಾವುದೂ ಮತ್ತೊಂದಕ್ಕೆ ಜಾಗ ಬಿಟ್ಟು ಹೋಗುವುದಿಲ್ಲ ಎಂಬುದನ್ನು ಗಮನಿಸಿ. ಒಂದೊಂದಾಗಿ ಬಂದು ಹಾಗೆಯೇ ಉಳಿಯುತ್ತವೆ. ಅದರಿಂದ ಲೋಗೋಗೆ ಪೂರ್ತಿ 6 ಸೆಕೆಂಡು, ಅಡಿಬರಹಕ್ಕೆ 4.5 ಸೆಕೆಂಡು ಸಿಗುತ್ತದೆ. ಎರಡು ಓದಿಗೆ ಬೇಕಾದದ್ದು 4.4. ಜಾಗದ ಗುರುತಿಗೆ ಸಿಗುವುದು 2.25 ಸೆಕೆಂಡು, ಅದು ಎರಡು ಓದಿಗೆ ಸಾಲದು, ಒಂದೂವರೆ ಓದಿಗೆ ಹತ್ತಿರ ಬರುತ್ತದೆ. ಊರಿನವರಿಗೆ ಪರಿಚಿತ ಜಾಗ, ದನಿಯೂ ಜೊತೆಗಿದೆ ಎಂಬ ಕಾರಣಕ್ಕೆ ಆ ಕೊರತೆಯನ್ನು ಒಪ್ಪಿಕೊಳ್ಳಬಹುದು. ಅಪರಿಚಿತ ಬಡಾವಣೆಯ ಹೆಸರಾಗಿದ್ದರೆ ಒಪ್ಪಲಾಗದು.

ಕೊನೆಯ ಅರ್ಧ ಸೆಕೆಂಡಿನ ಮೌನ ವ್ಯರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಕೇಬಲ್‌ನಲ್ಲಿ ಒಂದರ ಹಿಂದೊಂದು ಜಾಹೀರಾತು ಜೋಡಿಸುವಾಗ ತುದಿಯ ಕೆಲವು ಫ್ರೇಮ್‌ಗಳು ಕತ್ತರಿಸಿಹೋಗುವುದುಂಟು. ಮಾತು ಕೊನೆಯ ಫ್ರೇಮ್‌ವರೆಗೂ ಇದ್ದರೆ "ಎದುರು" ಎಂಬುದು "ಎದು" ಎಂದು ತುಂಡಾಗುತ್ತದೆ. ಅದರ ಜೊತೆಗೆ, ಮುಂದಿನ ಜಾಹೀರಾತಿನ ಅಬ್ಬರದ ಮೊದಲ ಸದ್ದು ನಮ್ಮ ಕೊನೆಯ ಮಾತನ್ನು ಮುಳುಗಿಸದಿರಲು ನಡುವೆ ಸ್ವಲ್ಪ ಅಂತರ ಬೇಕು.

ಕಥೆಯಿಂದ ಮೂರೂವರೆ ಸೆಕೆಂಡು ಎಲ್ಲಿಂದ ತೆಗೆಯುವುದು? ಅದನ್ನು ಎಡಿಟಿಂಗ್‌ನಲ್ಲಿ ತೆಗೆಯಲು ಹೋದರೆ ದೃಶ್ಯಗಳು ಗಡಿಬಿಡಿಯಾಗುತ್ತವೆ. ಸ್ಕ್ರಿಪ್ಟಿನಲ್ಲೇ ತೆಗೆಯಬೇಕು. 14 ಸೆಕೆಂಡಿಗೆ ಹಿನ್ನೆಲೆ ಮಾತು ಎಪ್ಪತ್ತು ಅಕ್ಷರ ಮೀರದಂತೆ ಬರೆದರೆ ಚಿತ್ರವೂ ಉಸಿರಾಡುತ್ತದೆ. ಇನ್ನೊಂದು ಉಪಾಯ ಇನ್ನೂ ಹೆಚ್ಚು ಫಲ ಕೊಡುತ್ತದೆ. ಅಜ್ಜಿ ಒಗ್ಗರಣೆ ಹಾಕುವಾಗ ಎಣ್ಣೆಯ ಡಬ್ಬದ ಮೇಲೆ ಅಂಗಡಿಯ ಹೆಸರು ಒಂದು ಸೆಕೆಂಡು ನಿಚ್ಚಳವಾಗಿ ಕಾಣಲಿ. ಆಗ ಕೊನೆಯಲ್ಲಿ ಬರುವ ಲೋಗೋ ಮೊದಲ ಭೇಟಿಯಾಗಿರುವುದಿಲ್ಲ. ಹೊಸದನ್ನು ಓದುವುದಕ್ಕಿಂತ ಕಂಡದ್ದನ್ನು ಗುರುತಿಸುವುದು ಯಾವಾಗಲೂ ಬೇಗ.

## ಮೊಬೈಲಿಗೆ ಅದೇ ಎಡಿಟ್ ಯಾಕೆ ಸಾಲದು

ಟಿವಿಗೆ ಮಾಡಿದ್ದನ್ನೇ ಉದ್ದುದ್ದ ಕತ್ತರಿಸಿ ರೀಲ್ಸ್‌ಗೆ ಹಾಕಿದರೆ ಹೊಸ ತೊಂದರೆಗಳು ಬರುತ್ತವೆ. ರೀಲ್ಸ್ ಮುಗಿದ ತಕ್ಷಣ ಮೊದಲಿನಿಂದ ಶುರುವಾಗುತ್ತದೆ. ಟಿವಿಯಲ್ಲಿ ಒಮ್ಮೊಮ್ಮೆ ಸಿಗುವ ಕ್ಷಣಮಾತ್ರದ ಕಪ್ಪು ತೆರೆಯೂ ಇಲ್ಲಿಲ್ಲ. ತೆರೆಯ ಕೆಳಭಾಗವನ್ನು ಖಾತೆಯ ಹೆಸರು, ಬರಹ, ಬಟನ್‌ಗಳು ಮುಚ್ಚುತ್ತವೆ. ರೀಲ್ಸ್ ಜಾಹೀರಾತಿನಲ್ಲಿ ಮೇಲಿನ ಸುಮಾರು 14, ಕೆಳಗಿನ ಸುಮಾರು 35 ಶೇಕಡಾ ಭಾಗವನ್ನು ಖಾಲಿ ಬಿಡಿ ಎಂಬುದು ಮೆಟಾ ಕಂಪನಿಯದೇ ಸಲಹೆ. ಟಿವಿಯ ರೂಢಿಯಂತೆ ವಿಳಾಸವನ್ನು ತಳದಲ್ಲಿಟ್ಟರೆ ಅದು ಎಷ್ಟು ಸೆಕೆಂಡು ಇದ್ದರೂ ಯಾರಿಗೂ ಕಾಣುವುದಿಲ್ಲ.

ಯೂಟ್ಯೂಬಿನಲ್ಲಿ ಐದು ಸೆಕೆಂಡಾದ ಮೇಲೆ ಸ್ಕಿಪ್ ಮಾಡಬಹುದಾದ ಜಾಹೀರಾತುಗಳಿವೆ. ಅಲ್ಲಿ ಕೊನೆಯ ಫ್ರೇಮ್‌ವರೆಗೆ ಉಳಿಯುವವರು ಕಡಿಮೆ ಎಂದೇ ಭಾವಿಸಿ ಹೆಸರನ್ನು ಮೊದಲ ಐದು ಸೆಕೆಂಡಿನಲ್ಲಿ ತರಬೇಕು. ಆರು ಸೆಕೆಂಡಿನ ಬಂಪರ್ ಜಾಹೀರಾತಿನಲ್ಲಿ ಪ್ರತ್ಯೇಕ ಎಂಡ್ ಫ್ರೇಮ್‌ಗೆ ಎಡೆಯೇ ಇಲ್ಲ. ಲೋಗೋ ಮೊದಲಿನಿಂದ ಮೂಲೆಯಲ್ಲಿದ್ದು ಕೊನೆಯ ಎರಡು ಸೆಕೆಂಡು ಮಧ್ಯಕ್ಕೆ ಬಂದರೆ ಅಷ್ಟೇ ಸಾಕು.

ಮೊಬೈಲಿನಲ್ಲಿ ಒಂದು ಅನುಕೂಲವೂ ಇದೆ. ಫೋನ್ ಸಂಖ್ಯೆಯನ್ನು ವಿಡಿಯೊದಲ್ಲಿ ಓದಿಸಬೇಕಾಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊದ ಕೆಳಗಿನ ಬರಹದಲ್ಲಿ, ಜಾಹೀರಾತಿನಲ್ಲಿ ಕರೆ ಮಾಡುವ ಬಟನ್‌ನಲ್ಲಿ ಅದನ್ನು ಇಟ್ಟರೆ ಒತ್ತಿದರೆ ಆಯಿತು. ಟಿವಿಯ ಎಡಿಟ್‌ನಲ್ಲಿ ಕೈಬಿಟ್ಟ ಹತ್ತು ಅಂಕಿಗಳು ಇಲ್ಲಿ ಒಂದು ಫ್ರೇಮ್ ಕೂಡ ಖರ್ಚಿಲ್ಲದೆ ಸಿಗುತ್ತವೆ.

ಇನ್ನೊಂದು ಕಾಣದ ಕಡಿತ: ವಿಡಿಯೊ ಕಳುಹಿಸುವಾಗ ಆ್ಯಪ್‌ಗಳು ಅದನ್ನು ಕುಗ್ಗಿಸುತ್ತವೆ. ದೃಶ್ಯ ತಟ್ಟನೆ ಬದಲಾದಾಗ ಮೊದಲ ಕೆಲವು ಫ್ರೇಮ್‌ಗಳು ಚೌಕಚೌಕವಾಗಿ ಮಸುಕಾಗಿ ಆಮೇಲೆ ತಿಳಿಯಾಗುವುದನ್ನು ನೀವು ನೋಡಿರಬಹುದು. ಸಣ್ಣ ಅಕ್ಷರ, ಅದರಲ್ಲೂ ಕನ್ನಡದ ಒತ್ತುಗಳು, ಮೊದಲು ಕಲಸಿಹೋಗುವುದು ಆಗಲೇ. ಹಿನ್ನೆಲೆಯಲ್ಲಿ ಎಣ್ಣೆ ಸುರಿಯುವ ದೃಶ್ಯ ಓಡುತ್ತಿದ್ದರೆ ಮಸುಕು ಕೊನೆಯವರೆಗೂ ಉಳಿಯಬಹುದು. ಒಂದೇ ಬಣ್ಣದ ಸ್ಥಿರ ಹಿನ್ನೆಲೆ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

## ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಮಾಡಿದವರ ಕಣ್ಣನ್ನು ಇಲ್ಲಿ ನಂಬುವಂತಿಲ್ಲ. ಅಡಿಬರಹ ಬರೆದವರಿಗೆ, ವಿಳಾಸದಲ್ಲೇ ಕೂತಿರುವ ಅಂಗಡಿಯವರಿಗೆ ಅದು ಅರ್ಧ ಸೆಕೆಂಡಿನಲ್ಲೂ ಕಾಣುತ್ತದೆ. ಅವರು ಓದುತ್ತಿಲ್ಲ, ಗೊತ್ತಿರುವುದನ್ನು ಗುರುತಿಸುತ್ತಿದ್ದಾರೆ. ಅದೇ ಕಾರಣಕ್ಕೆ "ಇನ್ನೂ ಬೇಗ ಮುಗಿಸಬಹುದು" ಎಂಬ ಸಲಹೆ ಸಾಮಾನ್ಯವಾಗಿ ಅವರಿಂದಲೇ ಬರುತ್ತದೆ.

ಆದ್ದರಿಂದ ಜಾಹೀರಾತನ್ನು ಮೊದಲು ನೋಡಿರದ ಒಬ್ಬರನ್ನು ಕರೆಯಿರಿ. ಅವರು ನಿಜವಾಗಿ ನೋಡುವ ಸಾಧನದಲ್ಲೇ ತೋರಿಸಿ: ಟಿವಿಯಾದರೆ ಎಂಟು ಹತ್ತು ಅಡಿ ದೂರದಿಂದ, ಮೊಬೈಲಾದರೆ ಅವರ ಕೈಯಲ್ಲೇ. ಹಿಂದೊಂದು ಮುಂದೊಂದು ಬೇರೆ ಜಾಹೀರಾತು ಸೇರಿಸಿರಬೇಕು, ಮುಗಿದ ಮೇಲೆ ಕೊನೆಯ ಫ್ರೇಮ್ ತೆರೆಯ ಮೇಲೆ ನಿಂತುಬಿಟ್ಟರೆ ಪರೀಕ್ಷೆಯೇ ಕೆಡುತ್ತದೆ. ಒಂದೇ ಸಲ ತೋರಿಸಿ, ಎರಡು ನಿಮಿಷ ಬೇರೆ ಮಾತಾಡಿ, ಆಮೇಲೆ ಕೇಳಿ: "ಎಣ್ಣೆ ಜಾಹೀರಾತು ಯಾವ ಅಂಗಡಿಯದು? ಎಲ್ಲಿದೆ?" "ಲೋಗೋ ಕಾಣಿಸಿತೇ?" ಎಂದು ಕೇಳಬೇಡಿ. ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ.

ಇನ್ನೊಬ್ಬರಿಗೆ ದನಿ ಬಂದ್ ಮಾಡಿ ತೋರಿಸಿ, ಮತ್ತೊಬ್ಬರಿಗೆ ತೆರೆ ಕಾಣದಂತೆ ದನಿ ಮಾತ್ರ ಕೇಳಿಸಿ. ಮೌನವಾಗಿ ನೋಡಿದವರು ಹೆಸರು ತಪ್ಪಿದರೆ ಬರಹದ ಸಮಯವೋ ಗಾತ್ರವೋ ಸಾಲದಾಗಿದೆ. ಕೇಳಿದವರು ತಪ್ಪಿದರೆ ಹೆಸರನ್ನು ಸಂಗೀತ ನುಂಗಿದೆ, ಅಥವಾ ಕಥೆಯ ಕೊನೆಯ ನಗುವಿನ ಮೇಲೆಯೇ ಅದು ಬಿದ್ದಿದೆ. ಹೆಸರು ಸರಿಯಾಗಿ ಹೇಳಿ ಜಾಗ ತಪ್ಪಿದರೆ ಅಡಿಬರಹದಿಂದ ನಾಲ್ಕೈದು ಅಕ್ಷರ ಕಡಿಮೆ ಮಾಡಿ ಆ ಸಮಯವನ್ನು ಜಾಗಕ್ಕೆ ಕೊಡಿ. "ಮರದ ಗಾಣ, ಕಣ್ಣೆದುರೇ ಎಣ್ಣೆ" ಎಂಬುದು "ಕಣ್ಣೆದುರೇ ಎಣ್ಣೆ" ಎಂದಾದರೆ ಐದು ಅಕ್ಷರ, ಅಂದರೆ ಒಂದು ಸೆಕೆಂಡು ಉಳಿಯುತ್ತದೆ. ಗಾಣವನ್ನು ಕಥೆಯ ದೃಶ್ಯದಲ್ಲೇ ತೋರಿಸಿದ್ದಾಗಿದೆ. ಜಾಗದ ಗುರುತು ಆಗ 16.75ಕ್ಕೇ ಬರಬಹುದು, ಅದಕ್ಕೆ 3.25 ಸೆಕೆಂಡು ಸಿಗುತ್ತದೆ, ಎರಡು ಓದು ಪೂರ್ತಿಯಾಗುತ್ತದೆ.